ನಿಧಾನದ ಓಟಕ್ಕೆ ನಾನು ಎಳೆದುಕೊಂಡ ಗೆರೆ

ಮೂರು ವರ್ಷ ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡಿದೆ. ಅದರಲ್ಲಿ ಮೂರು ದಿನ ‘ಈಜಿ ರನ್’ ಅಂತ ಡೈರಿಯಲ್ಲಿ ಬರೆಯುತ್ತಿದ್ದೆ. ಕಿಲೋಮೀಟರಿಗೆ 6:10 ನಿಮಿಷ, ಹೃದಯ ಬಡಿತ 162ರ ಆಸುಪಾಸು. ಮಂಗಳವಾರದ 800 ಮೀಟರ್ ಇಂಟರ್ವಲ್, ಅಂದರೆ ನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಸುತ್ತು, ಬಂತೆಂದರೆ ಕಾಲಿಗೆ ಗುಂಡುಕಲ್ಲು ಕಟ್ಟಿದ ಹಾಗೆ. ಆರು ಸುತ್ತಿನಲ್ಲಿ ನಾಲ್ಕಕ್ಕೇ ಸುಸ್ತು.

ಆರಾಮದ ಓಟದಲ್ಲಿ ಬಡಿತ ಇರಬೇಕಾದ ಮಟ್ಟಕ್ಕೆ ಜೋನ್ 2 ಅನ್ನುತ್ತಾರೆ. ವಾಚಿನ ಪ್ರಕಾರ ನನಗೆ ಅದು 107ರಿಂದ 125. ಜೋರಾಗಿ ನಡೆದರೇ ನನಗೆ 120 ದಾಟುತ್ತದೆ! ಹಾಗಾಗಿ ಜೋನ್ ಅನ್ನುವುದನ್ನೇ ಬಿಟ್ಟುಬಿಟ್ಟಿದ್ದೆ. ಆ ಲೆಕ್ಕ 220ರಿಂದ ವಯಸ್ಸು ಕಳೆದು ಬಂದದ್ದು. ನನಗೆ 42, ಅಲ್ಲಿಗೆ ಗರಿಷ್ಠ ಬಡಿತ 178, ಅದರ ಶೇಕಡಾ 60ರಿಂದ 70 ಜೋನ್ 2. ಆದರೆ ಆ ಸೂತ್ರ ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು.

ಕೊನೆಗೆ ಎದೆಗೆ ಕಟ್ಟುವ ಪಟ್ಟಿ ತಂದೆ. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಬಡಿತ ಬಿಟ್ಟು ಹೆಜ್ಜೆ ಎಣಿಸುತ್ತದೆ. ಆರಾಮಾಗಿ ಓಡುವಾಗಲೂ ವಾಚಿನ ಬಡಿತ ನಿಮಿಷದ ಹೆಜ್ಜೆಗಳ ಹಾಗೆ 168ರಲ್ಲೇ ಅಂಟಿಕೊಂಡು ಕೂತಿದ್ದರೆ ಅನುಮಾನಪಡಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಏರಿನಲ್ಲಿ ಎರಡೂವರೆ ನಿಮಿಷದಂತೆ ಮೂರು ಸಲ ಓಡಿದೆ, ಕೊನೆಯದು ಪ್ರಾಣ ಹೋಗುವ ಹಾಗೆ. ಸಿಕ್ಕಿದ್ದು 191. (ಹೃದಯದ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಈ ಸಾಹಸ ಮಾಡಬೇಡಿ.) ಬೆಳಿಗ್ಗೆ ಹಾಸಿಗೆಯಲ್ಲೇ ನೋಡಿದ ಬಡಿತ 56.

191ರಲ್ಲಿ 56 ಕಳೆದರೆ 135. ಅದರ ಶೇಕಡಾ 60ರಿಂದ 70 ತೆಗೆದು, 56 ಮತ್ತೆ ಕೂಡಿಸಿದೆ. 137ರಿಂದ 150 ಬಂತು. ಅಂದರೆ ನನ್ನ ‘ಈಜಿ’ ಓಟ 150ರ ಗೆರೆಗಿಂತ ಹನ್ನೆರಡು ಬಡಿತ ಮೇಲಿತ್ತು. ಅದು ಎಡಬಿಡಂಗಿ ವೇಗ: ದಣಿವು ಆರಲು ಬಿಡುವುದಿಲ್ಲ, ಇಂಟರ್ವಲ್ಲಿನಷ್ಟು ಕೆಲಸವನ್ನೂ ಮಾಡಿಸುವುದಿಲ್ಲ. ಆದರೂ ಅದೇ ಹಿತ ಅನ್ನಿಸುತ್ತದೆ, ಏಕೆಂದರೆ ಬೆವರು ಬರುತ್ತದೆ, ಓಡಿದ ಹಾಗೆ ಇರುತ್ತದೆ. ಜೊತೆಗೆ ಬಡಿತ ಏರುವುದು ತಡವಾಗಿ. ಮೊದಲ ಕಿಲೋಮೀಟರಿನಲ್ಲಿ ಸಲೀಸು ಅಂತ ಹಿಡಿದ ವೇಗವನ್ನು ಆಮೇಲೆ ಬಿಡಲು ಮನಸ್ಸು ಬರುವುದಿಲ್ಲ. ಪಕ್ಕದಲ್ಲಿ ಗೆಳೆಯರಿದ್ದರಂತೂ ಕೇಳಲೇಬೇಡಿ.

150 ದಾಟಬಾರದು ಅಂತ ಹೊರಟ ಮೊದಲ ದಿನ 7:25ಕ್ಕೆ ಇಳಿದೆ. ಸಣ್ಣ ಏರಿನಲ್ಲೂ ನಡೆಯಬೇಕಾಯಿತು. ಮಂಕಿ ಟೋಪಿ ಹಾಕಿದ ತಾತ ಒಬ್ಬರು ಕೈ ಬೀಸಿಕೊಂಡು ನನ್ನನ್ನು ದಾಟಿ ಹೋದರು. ಗೆರೆ ಸರಿಯಿದೆಯಾ ಅಂತ ನೋಡಲು ಓಡುತ್ತಲೇ ಮಗ್ಗಿ ಹೇಳಿದೆ. 148ರಲ್ಲಿ ‘ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು’ ಒಂದೇ ಉಸಿರಿಗೆ ಬಂತು. 160ರಲ್ಲಿ ‘ಇಪ್ಪತ್ತಾರು’ ಮುಗಿಯುವ ಮೊದಲೇ ಉಸಿರು ಎಳೆಯಬೇಕಾಯಿತು. ಎರಡೂ ಲೆಕ್ಕ ತಾಳೆಯಾದವು. ಆಗದಿದ್ದರೆ ನಾನು ಮಗ್ಗಿಯನ್ನೇ ನಂಬುತ್ತಿದ್ದೆ.

ಮೂರನೇ ವಾರ ಮಂಗಳವಾರದ ಆರೂ ಸುತ್ತು ಮುಗಿದವು. ಹತ್ತು ವಾರಕ್ಕೆ ಅದೇ 148ರಲ್ಲಿ 6:50 ಬಂತು. ಮೇ ತಿಂಗಳಲ್ಲಿ ಮಂಗಳೂರಿಗೆ ಹೋದಾಗ ಮಾತ್ರ ಆ ಸೆಕೆಗೆ ಪುನಃ 7:40. ಗೆರೆ ಬದಲಿಸಲಿಲ್ಲ, ಸುಮ್ನೆ ನಿಧಾನವಾಗಿ ಓಡಿದೆ.