5:40 ಪೇಸ್‌ನಲ್ಲಿ ನಾಲ್ಕು ಗಂಟೆಯೊಳಗೆ: ನನ್ನ ಸ್ಪ್ಲಿಟ್ ಲೆಕ್ಕ

ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಕಿಲೋಮೀಟರಿಗೆ ಎಷ್ಟು ನಿಮಿಷದಲ್ಲಿ ಓಡಬೇಕು? ನಾಲ್ಕು ಗಂಟೆ ಅಂದರೆ 14,400 ಸೆಕೆಂಡು. ಅದನ್ನು ಮ್ಯಾರಥಾನ್ ದೂರವಾದ 42.195 ಕಿಲೋಮೀಟರಿನಿಂದ ಭಾಗಿಸಿದರೆ 341 ಸೆಕೆಂಡು ಮತ್ತು ಸ್ವಲ್ಪ, ಅಂದರೆ ಕಿಲೋಮೀಟರಿಗೆ ಸುಮಾರು 5:41. ಇದನ್ನೇ ಪೇಸ್ ಅನ್ನುವುದು. ನಾನು ದೆಹಲಿ ಮ್ಯಾರಥಾನ್‌ಗೆ 5:40 ಇಟ್ಟುಕೊಂಡೆ. ಫೆಬ್ರವರಿಯ ತಂಪು, ಸಮತಟ್ಟಾದ ರಸ್ತೆ. ಲೆಕ್ಕ ಹಾಕಿದ ಪೇಸ್‌ನಲ್ಲೇ ಓಡಲು ಅದು ಒಳ್ಳೆಯ ಜಾಗ.

ಪೇಸ್‌ನಿಂದ ಫಿನಿಶ್ ಸಮಯ ತೆಗೆಯುವಾಗ ನಾನು ಎಲ್ಲವನ್ನೂ ಮೊದಲು ಸೆಕೆಂಡಿಗೆ ತರುತ್ತೇನೆ. 5:40ನ್ನು 5.40 ಅಂತ ಕ್ಯಾಲ್ಕುಲೇಟರಿಗೆ ಹೊಡೆದರೆ ಉತ್ತರ ತಪ್ಪುತ್ತದೆ, ಯಾಕೆಂದರೆ ನಿಮಿಷಕ್ಕೆ ಅರವತ್ತು ಸೆಕೆಂಡು. 340ನ್ನು 42.195ರಿಂದ ಗುಣಿಸಿದರೆ 14,346 ಸೆಕೆಂಡು, ಅಂದರೆ 3:59:06. ಬರೀ 42ರಿಂದ ಗುಣಿಸಿದರೆ 3:58:00 ಬರುತ್ತದೆ. ಕೊನೆಯ ಆ 195 ಮೀಟರಿಗೇ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಸ್ಪ್ರೆಡ್‌ಶೀಟ್ ಇದ್ದರೆ ಒಂದೇ ಸಾಲು ಸಾಕು:

```
=42.195*TIME(0,5,40)
```

ಆ ಸೆಲ್‌ನ ಫಾರ್ಮ್ಯಾಟ್ `[h]:mm:ss` ಮಾಡಿಕೊಳ್ಳಿ. 5 ಮತ್ತು 40ರ ಜಾಗದಲ್ಲಿ ನಿಮ್ಮ ಪೇಸ್ ಹಾಕಿ. ಪೇಸ್ ಒಂದು ಸೆಕೆಂಡು ಬದಲಾದರೆ ಫಿನಿಶ್ 42 ಸೆಕೆಂಡು ಬದಲಾಗುತ್ತದೆ ಅನ್ನೋದನ್ನು ನೆನಪಿಟ್ಟುಕೊಂಡರೆ ಓಡುತ್ತಲೇ ಮನಸ್ಸಿನಲ್ಲಿ ಲೆಕ್ಕ ಮಾಡಬಹುದು. 5:41ಕ್ಕೆ 3:59:48. 5:42ಕ್ಕೆ 4:00:31, ಅಲ್ಲಿಗೆ ಗುರಿ ಕೈತಪ್ಪಿತು.

5:40 ನನ್ನ ಕೈಲಿ ಆಗುತ್ತಾ ಅಂತ ಹಾಫ್ ಮ್ಯಾರಥಾನ್ ಸಮಯದಿಂದ ನೋಡಿಕೊಂಡೆ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಕೊಟ್ಟ ಸೂತ್ರದ ಪ್ರಕಾರ ಹಾಫ್ ಸಮಯವನ್ನು ಸುಮಾರು 2.085ರಿಂದ ಗುಣಿಸಬೇಕು. ನನ್ನ ಹಾಫ್ 1:53. ಅದಕ್ಕೆ 3:55:40ರ ಹತ್ತಿರ ಬರುತ್ತದೆ. ವಾರದಲ್ಲಿ ಕಡಿಮೆ ಕಿಲೋಮೀಟರ್ ಓಡುವವರಿಗೆ ಈ ಸೂತ್ರ ಸ್ವಲ್ಪ ಧಾರಾಳವಾಗಿಯೇ ಉತ್ತರ ಕೊಡುತ್ತದೆ. ಹಾಗಾಗಿ ಅದಕ್ಕೂ 3:59:06ಕ್ಕೂ ನಡುವಿನ ಮೂರೂವರೆ ನಿಮಿಷದ ಅಂತರವನ್ನು ನಾನು ಮುಟ್ಟಲಿಲ್ಲ.

ಮುಂದಿನದು ಸ್ಪ್ಲಿಟ್, ಅಂದರೆ ದಾರಿಯ ಒಂದೊಂದು ಹಂತ ದಾಟುವಾಗ ಗಡಿಯಾರ ಎಷ್ಟು ತೋರಿಸಬೇಕು ಅನ್ನುವ ಲೆಕ್ಕ. ಒಂದೇ ಪೇಸ್‌ನಲ್ಲಿ ಓಡಿದರೆ ಪ್ರತಿ ಐದು ಕಿಲೋಮೀಟರಿಗೆ 28:20. ಹತ್ತಕ್ಕೆ 56:40, ಹಾಫ್‌ಗೆ 1:59:33, ಮೂವತ್ತಕ್ಕೆ 2:50:00, ನಲವತ್ತಕ್ಕೆ 3:46:40. ಸರಳವಾದ ಯೋಜನೆ, ಬಹಳ ಜನಕ್ಕೆ ಇದೇ ಸಾಕು. ನಾನು ಮಾತ್ರ ನೆಗೆಟಿವ್ ಸ್ಪ್ಲಿಟ್ ಆರಿಸಿಕೊಂಡೆ, ಅಂದರೆ ಎರಡನೇ ಅರ್ಧ ಮೊದಲ ಅರ್ಧಕ್ಕಿಂತ ಬೇಗ. ಕಾರಣ ಮೊದಲ ಐದು ಕಿಲೋಮೀಟರ್. ರೇಸಿಗೆ ಮುಂಚೆ ಓಟ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಸಿಕ್ಕಿರುತ್ತದೆ, ಸುತ್ತ ಜನ ನುಗ್ಗುತ್ತಿರುತ್ತಾರೆ. 5:25 ಕೂಡ ಸುಮ್ನೆ ಜಾಗಿಂಗ್ ಥರ ಅನ್ನಿಸುತ್ತದೆ. ಹಾಗೆ ಐದು ಕಿಲೋಮೀಟರ್ ಓಡಿದರೆ ಉಳಿಯುವುದು 75 ಸೆಕೆಂಡು. ಆದರೆ ಜೋರಾಗಿ ಓಡಿದಷ್ಟೂ ದೇಹ ಕೊಬ್ಬಿಗಿಂತ ಗ್ಲೈಕೋಜನ್, ಅಂದರೆ ತಾನು ಕೂಡಿಟ್ಟುಕೊಂಡ ಸಕ್ಕರೆಯನ್ನೇ ಹೆಚ್ಚು ಸುಡುತ್ತದೆ. 32 ಕಿಲೋಮೀಟರ್ ದಾಟುವ ಹೊತ್ತಿಗೆ ಅದು ಖಾಲಿಯಾದರೆ ಒಂದೊಂದು ಕಿಲೋಮೀಟರೂ ಆರೂವರೆ ನಿಮಿಷಕ್ಕೆ ಹೋಗುತ್ತದೆ. ಆಗ ಎರಡೇ ಕಿಲೋಮೀಟರಿನಲ್ಲಿ ಆ ಉಳಿತಾಯ ಪೂರ್ತಿ ಮುಗಿಯುತ್ತದೆ.

ನನ್ನ ಯೋಜನೆಯಲ್ಲಿ ಮೂರೇ ಭಾಗ. ಮೊದಲ 5 ಕಿ.ಮೀ. 5:48ರಲ್ಲಿ. ಅಲ್ಲಿಂದ 30ರವರೆಗೆ 5:41. ಉಳಿದ 12.195 ಕಿ.ಮೀ. 5:34ರಲ್ಲಿ. ಪ್ರತಿ ಭಾಗವನ್ನೂ ಸೆಕೆಂಡಿನಲ್ಲಿ ಗುಣಿಸಿ ಕೂಡಿಸಿದರೆ ಹೀಗೆ ಬರುತ್ತದೆ:

5 ಕಿ.ಮೀ. – 29:00
10 ಕಿ.ಮೀ. – 57:25
20 ಕಿ.ಮೀ. – 1:54:15
ಹಾಫ್ – 2:00:29
30 ಕಿ.ಮೀ. – 2:51:05
35 ಕಿ.ಮೀ. – 3:18:55
40 ಕಿ.ಮೀ. – 3:46:45
ಫಿನಿಶ್ – 3:58:58

ಹಾಫ್ ದಾಟುವಾಗ ಗಡಿಯಾರ ಎರಡು ಗಂಟೆ ಮೀರಿರುತ್ತದೆ. ಇದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅಲ್ಲೇ ಗಾಬರಿಯಾಗಿ ಓಟ ಜೋರು ಮಾಡಿಬಿಡುತ್ತೀರಿ. ಒಂದೇ ಪೇಸ್‌ನವರಿಗಿಂತ 30ರಲ್ಲಿ ಒಂದು ನಿಮಿಷ ಐದು ಸೆಕೆಂಡು ಹಿಂದೆ ಇರುತ್ತೇವೆ. 40ರಲ್ಲಿ ಆ ಅಂತರ ಐದೇ ಸೆಕೆಂಡು. 5:48 ಮತ್ತು 5:34ರ ನಡುವೆ 14 ಸೆಕೆಂಡಷ್ಟೇ ವ್ಯತ್ಯಾಸ ಇಟ್ಟಿದ್ದು ಬೇಕಂತಲೇ. ಮೊದಲ ಅರ್ಧದಲ್ಲಿ ನಾಲ್ಕೈದು ನಿಮಿಷ ಬಿಟ್ಟುಕೊಟ್ಟು ಆಮೇಲೆ ಹಿಡಿಯುತ್ತೇನೆ ಅನ್ನುವುದು ಕಾಗದದ ಮೇಲೆ ಮಾತ್ರ ಆಗುವ ಕೆಲಸ. ಕೆಲ್ವಿನ್ ಕಿಪ್ಟಮ್ 2023ರಲ್ಲಿ ಷಿಕಾಗೊದಲ್ಲಿ 2:00:35ರ ವಿಶ್ವದಾಖಲೆ ಮಾಡಿದಾಗ ಮೊದಲ ಅರ್ಧ 60:48, ಎರಡನೆಯದು 59:47. ಅಂಥ ಓಟದಲ್ಲೂ ವ್ಯತ್ಯಾಸ ಒಂದು ನಿಮಿಷ ಒಂದು ಸೆಕೆಂಡು.

ಇಷ್ಟೆಲ್ಲ ಲೆಕ್ಕ ಹಾಕಿದವರನ್ನೂ ಕೆಡಿಸುವುದು ವಾಚ್. ಮ್ಯಾರಥಾನ್ ದಾರಿಯನ್ನು ಅಳೆಯುವಾಗ ತಿರುವುಗಳ ಒಳಮಗ್ಗುಲಿನಲ್ಲಿ ಸಾಗುವ ಅತಿ ಚಿಕ್ಕ ದಾರಿಯನ್ನು ಅಳೆಯುತ್ತಾರೆ. ನಾವು ಜನರನ್ನು ದಾಟುತ್ತಾ, ನೀರಿನ ಟೇಬಲ್ ಕಡೆ ಹೋಗುತ್ತಾ ಅದಕ್ಕಿಂತ ಜಾಸ್ತಿ ಓಡುತ್ತೇವೆ. ಜಿಪಿಎಸ್ ತಪ್ಪೂ ಸೇರುತ್ತದೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಓಡಿದವರಿಗೆ ಇದು ಗೊತ್ತೇ ಇರುತ್ತದೆ. ಫಿನಿಶ್‌ನಲ್ಲಿ ವಾಚ್ 42.6 ತೋರಿಸುವುದು ಸಾಮಾನ್ಯ. ಹಾಗಾದಾಗ ವಾಚ್‌ನಲ್ಲಿ ಸರಾಸರಿ 5:40 ಇದ್ದರೂ ನಿಜವಾದ ಸಮಯ 4:01:24! ಬೇಕಾದ 3:59:06 ಬರಬೇಕಾದರೆ ವಾಚ್ 5:37 ತೋರಿಸಬೇಕು.

ಅದಕ್ಕೇ ನಾನು ವಾಚ್ ತಾನೇ ಕಿಲೋಮೀಟರ್ ಗುರುತಿಸುವ ಆಟೋ ಲ್ಯಾಪ್ ಆಫ್ ಮಾಡಿ, ಪ್ರತಿ ಕಿಲೋಮೀಟರ್ ಬೋರ್ಡ್ ಬಂದಾಗ ಲ್ಯಾಪ್ ಬಟನ್ ಒತ್ತುತ್ತಿದ್ದೆ. ಸ್ಪ್ಲಿಟ್‌ಗಳನ್ನು ಚೀಟಿಯಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಸುತ್ತಿ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೆ. ಬೆವರಿಗೆ ಶಾಯಿ ಹರಡಲಿಲ್ಲ. ವಾಚನ್ನು ಸ್ಟಾರ್ಟ್ ಮಾಡಿದ್ದು ಗನ್ ಹೊಡೆದಾಗ ಅಲ್ಲ, ಸ್ಟಾರ್ಟ್ ಮ್ಯಾಟ್ ದಾಟುವಾಗ. ಬಿಬ್, ಅಂದರೆ ಎದೆಯ ಮೇಲಿನ ನಂಬರ್ ಚೀಟಿಯಲ್ಲಿರುವ ಚಿಪ್‌ನ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಹಾಫ್ 2:00:34ಕ್ಕೆ ಬಂತು, 30 ಕಿ.ಮೀ. 2:51:12ಕ್ಕೆ. 30ರಲ್ಲಿ ಪೇಸ್ ಏರಿಸುವ ಮುಂಚೆ ಒಂದು ಪರೀಕ್ಷೆ ಮಾಡಿಕೊಂಡೆ: ಪಕ್ಕದಲ್ಲಿದ್ದವರ ಜೊತೆ ಒಂದು ಪೂರ್ತಿ ವಾಕ್ಯ ಏದುಸಿರು ಬಿಡದೆ ಆಡಲು ಆಗುತ್ತಿದೆಯಾ? ಆಗುತ್ತಿತ್ತು. ಆಗದಿದ್ದರೆ 5:41ರಲ್ಲೇ ಇರುವುದು ಅಂತ ಮೊದಲೇ ತೀರ್ಮಾನಿಸಿದ್ದೆ. ಹಾಗಿದ್ದರೂ ಫಿನಿಶ್ 4:00:31 ಆಗುತ್ತಿತ್ತು, ಗ್ಲೈಕೋಜನ್ ಖಾಲಿಯಾಗಿ, ಗೋಡೆಗೆ ಗುದ್ದಿಕೊಂಡವರ ಹಾಗೆ ನಡೆಯುವುದಕ್ಕಿಂತ ಎಷ್ಟೋ ವಾಸಿ. 35ಕ್ಕೆ 3:19:08, 40ಕ್ಕೆ 3:47:02. ಕೊನೆಯ 2.195 ಕಿ.ಮೀ.ಗೆ 12:19 ಹಿಡಿಯಿತು. ಫಿನಿಶ್ 3:59:21.

ಇದೇ ಚೀಟಿಯನ್ನು ಮುಂಬೈಗೆ ಒಯ್ಯಬೇಡಿ. ಅಲ್ಲಿ 35 ಕಿ.ಮೀ. ಆದ ಮೇಲೆ ಪೆಡ್ಡರ್ ರಸ್ತೆಯ ಏರು ಸಿಗುತ್ತದೆ, ಅಷ್ಟು ಹೊತ್ತಿಗೆ ಬಿಸಿಲೂ ಏರಿರುತ್ತದೆ. ಅಂಥ ಕಡೆ ನಾನು ಒಂದೇ ಪೇಸ್ ಯೋಜನೆ ಹಾಕುತ್ತೇನೆ. ಏರಿನ ಕಿಲೋಮೀಟರಿಗೆ 15ರಿಂದ 20 ಸೆಕೆಂಡು ಬಿಟ್ಟುಕೊಟ್ಟು, ಇಳಿಜಾರಿನಲ್ಲಿ ಅದರ ಅರ್ಧ ಮಾತ್ರ ವಾಪಸ್ ಬರುತ್ತದೆ ಅಂತ ಬರೆದುಕೊಳ್ಳುತ್ತೇನೆ.