ಕ್ಯಾನ್‌ಗಿಂತ ಮುಂಚೆ ನೀರಿನ ಬಕೆಟ್: ತಾರಸಿ ಸೋರಿದ ಮೇಲೆ ನಾನು ಕಲಿತದ್ದು

ಸಾಗರದ ಹತ್ತಿರ ನಾನು ಕಟ್ಟಿಸಿದ ಒಂದು ಮನೆಯ ತಾರಸಿ ಮೊದಲ ಮಳೆಗಾಲದಲ್ಲೇ ಸೋರಿತು. ಸಾವಿರ ಚದರ ಅಡಿ, ಐದು ಇಂಚು ದಪ್ಪ. ಏಪ್ರಿಲ್‌ನಲ್ಲಿ ಕಾಂಕ್ರೀಟ್ ಹಾಕಿದ್ದೆವು. ಸುಮಾರು 95 ಚೀಲ ಸಿಮೆಂಟ್ ಹಿಡಿದಿತ್ತು. ಡಬ್ಬಿಯ ಮೇಲೆ ಬರೆದಿದ್ದಂತೆ ಚೀಲಕ್ಕೆ 200 ಮಿಲಿಲೀಟರ್ ವಾಟರ್‌ಪ್ರೂಫಿಂಗ್ ದ್ರಾವಣ ಹಾಕಿಸಿದ್ದೆ. 20 ಲೀಟರಿನ ಕ್ಯಾನ್ ಹೆಚ್ಚು ಕಡಿಮೆ ಪೂರ್ತಿ ಖಾಲಿಯಾಗಿತ್ತು. ಜುಲೈನಲ್ಲಿ ಮನೆಯ ಯಜಮಾನರು ನನ್ನನ್ನು ಕರೆಸಿ ಮಲಗುವ ಕೋಣೆಯ ಛಾವಣಿ ತೋರಿಸಿ, “ಔಷಧಿ ಹಾಕಿಸಿದ್ದೇನೆ ಎಂದಿದ್ದಿರಲ್ಲ?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಮಳೆ ಬಿಡುವು ಕೊಟ್ಟ ಮೇಲೆ ತಾರಸಿಯ ಸುತ್ತ ಗಾರೆಯ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಕೆಳಗೆ ನಿಂತು ನೋಡಿದೆ. ಎರಡು ಬಗೆಯ ತೇವ ಕಂಡಿತು. ಫ್ಯಾನ್ ಡಬ್ಬಿಯ ಸುತ್ತ ಮತ್ತು ಅಂದು ಮಧ್ಯಾಹ್ನ ಊಟಕ್ಕೆ ಕೆಲಸ ನಿಲ್ಲಿಸಿದ್ದ ಗೆರೆಯ ಉದ್ದಕ್ಕೂ ನೀರು ಹನಿಯುತ್ತಿತ್ತು. ಉಳಿದ ಕಡೆ ಹನಿ ಇರಲಿಲ್ಲ. ಆದರೆ ದೊಡ್ಡ ದೊಡ್ಡ ಕಪ್ಪು ಮಚ್ಚೆಗಳಾಗಿ ಕಾಂಕ್ರೀಟೇ ಒದ್ದೆಯಾಗಿತ್ತು. ಮೊದಲನೆಯದಕ್ಕೆ ಕಾರಣ ಸ್ಪಷ್ಟವಾಗಿತ್ತು. ಗಟ್ಟಿಯಾಗತೊಡಗಿದ ಕಾಂಕ್ರೀಟಿನ ಪಕ್ಕಕ್ಕೆ ಹೊಸದನ್ನು ಸುರಿದರೆ ಎರಡೂ ಒಂದಾಗಿ ಬೆಸೆಯುವುದಿಲ್ಲ. ಆ ಬಿರುಕನ್ನು ಯಾವ ದ್ರಾವಣವೂ ತುಂಬುವುದಿಲ್ಲ. ನನ್ನನ್ನು ಕಾಡಿದ್ದು ಎರಡನೆಯದು. ದ್ರಾವಣ ಬೆರೆತಿದ್ದ ಕಾಂಕ್ರೀಟ್ ನೀರು ಕುಡಿದದ್ದು ಹೇಗೆ?

ಕ್ಯಾನಿನ ಜೊತೆ ಬಂದಿದ್ದ ತಾಂತ್ರಿಕ ಹಾಳೆಯನ್ನು ಆಗ ಮೊದಲ ಬಾರಿಗೆ ಪೂರ್ತಿ ಓದಿದೆ. ಅದರ ಮುಖ್ಯ ಅಂಶ ಲಿಗ್ನೋಸಲ್ಫೊನೇಟ್. ಅದು ಕಾಗದದ ತಿರುಳು ತಯಾರಿಸುವಾಗ ಮರದಿಂದ ಸಿಗುವ ವಸ್ತು, ಹಳೆಯ ಕಾಲದ ಪ್ಲಾಸ್ಟಿಸೈಜರ್. ಅಂದರೆ ನಾನು ಹಾಕಿಸಿದ್ದ ‘ವಾಟರ್‌ಪ್ರೂಫಿಂಗ್’ ಹೆಚ್ಚಿನ ಮಟ್ಟಿಗೆ ಕಲಸುವ ನೀರನ್ನು ಕಡಿಮೆ ಮಾಡುವ ದ್ರಾವಣವಾಗಿತ್ತು. ಸಿಮೆಂಟಿನ ಕಣಗಳು ನೀರಿನಲ್ಲಿ ಗಂಟುಗಂಟಾಗಿ ಅಂಟಿಕೊಂಡು, ಒಂದಿಷ್ಟು ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಪ್ಲಾಸ್ಟಿಸೈಜರ್ ಆ ಗಂಟುಗಳನ್ನು ಬಿಡಿಸುತ್ತದೆ. ಸಿಕ್ಕಿಕೊಂಡಿದ್ದ ನೀರು ಹೊರಬಂದು ಮಾಲು ಸಡಿಲವಾಗುತ್ತದೆ. 50 ಕೆಜಿ ಸಿಮೆಂಟ್ ತನ್ನ ಕೆಲಸಕ್ಕೆ ಬಳಸಿಕೊಳ್ಳುವುದು ಸುಮಾರು 20 ಲೀಟರ್ ನೀರನ್ನು ಮಾತ್ರ. ಅದಕ್ಕಿಂತ ಹೆಚ್ಚಿಗೆ ಹಾಕಿದ್ದು ಒಣಗಿ ಹೋದ ಜಾಗದಲ್ಲಿ ಕೂದಲಿನಂಥ ಸಣ್ಣ ಸಣ್ಣ ದಾರಿಗಳು ಉಳಿಯುತ್ತವೆ. ಮಳೆನೀರು ಇಳಿಯುವುದು ಅದೇ ದಾರಿಯಲ್ಲಿ. ದ್ರಾವಣ ಹಾಕಿಯೂ ನೀರು ಕಡಿಮೆ ಮಾಡದಿದ್ದರೆ ಆ ದಾರಿಗಳು ಇದ್ದಷ್ಟೇ ಇರುತ್ತವೆ.

ಇದನ್ನು ಮೇಸ್ತ್ರಿಗೆ ಹೇಳಿದೆ. “ನೀರು ಕಡಿಮೆಯಾದರೆ ಮಾಲು ಹರಿಯುವುದಿಲ್ಲ ಸರ್, ಕಂಬಿಯ ಕೆಳಗೆ ಇಳಿಯುವುದೇ ಇಲ್ಲ” ಎಂದರು. ಅವರ ಮಾತೂ ಸುಳ್ಳಲ್ಲ. ಆದ್ದರಿಂದ ಮುಂದಿನ ಕೆಲಸಕ್ಕೆ ಮೊದಲು ಅವರ ಕೈಯಲ್ಲೇ ಮೂರು ಸಲ ಮಾಲು ಕಲಸಿಸಿದೆ. ಬಿಸಿಲಿನಲ್ಲಿ ಒಣಗಿಸಿದ ಎಂ-ಸ್ಯಾಂಡ್, ಸಲಕ್ಕೆ ಒಂದು ಚೀಲ ಸಿಮೆಂಟ್, ಸಿಮೆಂಟ್, ಮರಳು, ಜಲ್ಲಿ 1:1.5:3 ಅಳತೆ. ಮೊದಲ ಸಲ ದ್ರಾವಣ ಹಾಕಲಿಲ್ಲ. “ಹದ ಸರಿಯಾಯಿತು” ಎಂದು ಮೇಸ್ತ್ರಿ ಹೇಳುವ ಹೊತ್ತಿಗೆ 30 ಲೀಟರ್ ನೀರು ಹಿಡಿದಿತ್ತು. ಎರಡನೆಯ ಸಲ 200 ಮಿಲಿ ದ್ರಾವಣ ಹಾಕಿ, ಹದ ಅಳೆಯುವ ಸ್ಲಂಪ್ ಕೋನ್ ತೆಗೆದಾಗ ಮಾಲು ಮೊದಲಿನಷ್ಟೇ ಕುಸಿಯುವವರೆಗೆ ಮಾತ್ರ ನೀರು ಸೇರಿಸಿದೆವು. 27 ಲೀಟರಿಗೆ ಅದೇ ಹದ ಬಂತು. ಮೂರನೆಯದು ನಾವು ಆ ಮನೆಯಲ್ಲಿ ಮಾಡಿದ್ದೇ: ದ್ರಾವಣವನ್ನೂ ಹಾಕಿ, 30 ಲೀಟರ್ ನೀರನ್ನೂ ಹಾಕಿದ್ದು. ಅದು ತೆಳ್ಳಗಾಗಿ, ಜಲ್ಲಿ ತಳಕ್ಕಿಳಿದು, ಅರ್ಧ ಗಂಟೆಯಲ್ಲಿ ಮೇಲೆ ನೀರು ನಿಂತಿತು. ಮೂರೂ ಮಾಲಿನಿಂದ ಮಾಡಿಟ್ಟ ಕ್ಯೂಬ್‌ಗಳನ್ನು 28 ದಿನಗಳ ನಂತರ ಪರೀಕ್ಷಿಸಿದಾಗ ಬಂದ ಬಲ ಕ್ರಮವಾಗಿ ಚದರ ಮಿಲಿಮೀಟರಿಗೆ 24, 28 ಮತ್ತು 23 ನ್ಯೂಟನ್. ದ್ರಾವಣಕ್ಕೆ ಕೊಟ್ಟ ಹಣಕ್ಕೆ ಫಲ ಸಿಕ್ಕಿದ್ದು ಎರಡನೆಯದರಲ್ಲಿ ಮಾತ್ರ. ಚೀಲಕ್ಕೆ ಮೂರು ಲೀಟರ್ ಎಂದರೆ ಸಣ್ಣದೆನಿಸುತ್ತದೆ. 95 ಚೀಲಕ್ಕೆ ಲೆಕ್ಕ ಹಾಕಿದರೆ ಹದಿನಾಲ್ಕು ಕೊಡ ನೀರನ್ನು ನಾನು ಆ ತಾರಸಿಯೊಳಗೆ ಸುಮ್ಮನೆ ತುಂಬಿಸಿದ್ದೆ.

ಮುಂದಿನ ತಾರಸಿಗೆ ನೀರನ್ನು ಚೀಲಕ್ಕೆ 25 ಲೀಟರಿಗೆ ಇಳಿಸಬೇಕೆಂದುಕೊಂಡೆ. ಲಿಗ್ನೋಸಲ್ಫೊನೇಟಿನಿಂದ ಅಷ್ಟು ಆಗುವುದಿಲ್ಲ. ಐದರಿಂದ ಹತ್ತು ಪ್ರತಿಶತ ನೀರು ಉಳಿಸುವುದೇ ಅದರ ಮಿತಿ. ನ್ಯಾಫ್ತಲೀನ್ ಆಧಾರಿತ ಸೂಪರ್ ಪ್ಲಾಸ್ಟಿಸೈಜರ್ ತಂದು, ಮತ್ತೆ ಕಲಸಿ ನೋಡಿ, ಚೀಲಕ್ಕೆ 350 ಮಿಲಿ ಎಂದು ನಿಗದಿ ಮಾಡಿದೆ. ಈ ಪ್ರಮಾಣ ಸಿಮೆಂಟ್ ಮತ್ತು ಮರಳು ಬದಲಾದಂತೆ ಬದಲಾಗುತ್ತದೆ. ಹುಡಿ ಹೆಚ್ಚಿರುವ ಎಂ-ಸ್ಯಾಂಡ್ ಬಂದ ದಿನ ನನ್ನ ಲೆಕ್ಕ ನಡೆಯಲಿಲ್ಲ, ಇನ್ನೊಮ್ಮೆ ನೋಡಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮರಳಿನಲ್ಲಿ ಅಡಗಿರುವ ನೀರು. ಆ ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ರಾಶಿಯ ಒಳಗಿನಿಂದ ಒಂದು ಕೆಜಿ ಮರಳು ತೆಗೆದು, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿದೆ: 950 ಗ್ರಾಂ. ಚೀಲ ಸಿಮೆಂಟಿಗೆ ಬೀಳುವ ಸುಮಾರು 80 ಕೆಜಿ ಮರಳಿನಲ್ಲೇ ನಾಲ್ಕು ಲೀಟರ್ ನೀರಿದೆ ಎಂದಾಯಿತು. ಹಾಗಾಗಿ ಮಿಕ್ಸರಿಗೆ ಸುರಿಯಬೇಕಾದದ್ದು 21 ಲೀಟರ್. ಬಕೆಟ್ಟುಗಳಲ್ಲಿ ಅಳತೆಯ ಮಟ್ಟಕ್ಕೆ ತೂತು ಕೊರೆಸಿದೆ. ಹೆಚ್ಚು ತುಂಬಿಸಿದರೆ ತಾನಾಗಿ ಹರಿದುಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ನೀರು ಹಾಕಿ ತಿರುಗಿಸಿದ ಮೇಲೆ, ಉಳಿದ ನೀರಿನಲ್ಲಿ ದ್ರಾವಣ ಬೆರೆಸಿ ಸುರಿಸಿದೆ. ಒಣ ಸಿಮೆಂಟಿನ ಮೇಲೆ ನೇರವಾಗಿ ಸುರಿದರೆ ಅದು ಒಂದೇ ಕಡೆ ಹೀರಿಕೊಂಡು ವ್ಯರ್ಥವಾಗುತ್ತದೆ. ಈ ದ್ರಾವಣ ಕೊಡುವ ಸಡಿಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಮಾಲು ಬಿಗಿಯುತ್ತದೆ. ಆಗ ಮೇಲೆ ನೀರು ಚಿಮುಕಿಸಿದರೆ ಮಾಡಿದ್ದೆಲ್ಲ ಹಾಳು. ಊಟಕ್ಕೆ ಎರಡು ತಂಡ ಮಾಡಿ ಕೆಲಸ ನಿಲ್ಲದಂತೆ ನೋಡಿಕೊಂಡೆ. ಪೈಪು, ಫ್ಯಾನ್ ಡಬ್ಬಿಗಳ ಸುತ್ತ ವೈಬ್ರೇಟರ್ ಹಿಡಿಯುವಾಗ ನಾನೇ ನಿಂತಿದ್ದೆ. ಆ ತಾರಸಿ ಮೂರು ಮಳೆಗಾಲ ಕಂಡಿದೆ, ಒಂದು ಮಚ್ಚೆಯೂ ಇಲ್ಲ. ಅದಕ್ಕೆ ವಾಟರ್‌ಪ್ರೂಫಿಂಗ್ ಎಂಬ ಹೆಸರಿನ ಯಾವ ಡಬ್ಬಿಯನ್ನೂ ಹಾಕಿಲ್ಲ.

ಅಳತೆ ತಪ್ಪಿದ್ದೂ ಉಂಟು. ಇನ್ನೊಂದು ಕಡೆ ಲಿಗ್ನೋಸಲ್ಫೊನೇಟ್ ದ್ರಾವಣವನ್ನು ಇಬ್ಬರು ಬೇರೆ ಬೇರೆಯಾಗಿ ಹಾಕಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಆ ಭಾಗಕ್ಕೆ ಉಗುರು ಒತ್ತಿದರೆ ಗುರುತು ಮೂಡುತ್ತಿತ್ತು. ಒಡೆಸಬೇಕೆಂದು ಯಜಮಾನರು ಹಟ ಹಿಡಿದರು. ಗೋಣಿಚೀಲ ಹೊದಿಸಿ ತೇವವಾಗಿಟ್ಟು ಕಾಯೋಣ ಎಂದೆ. ಮೂರನೆಯ ದಿನಕ್ಕೆ ಗಟ್ಟಿಯಾಯಿತು. ಆದರೆ ಅಲ್ಲಿನ ಸೆಂಟ್ರಿಂಗ್ ಅನ್ನು ಉಳಿದ ಕಡೆಗಿಂತ ಒಂದು ವಾರ ತಡವಾಗಿ ಬಿಚ್ಚಿಸಿದೆ.

ನೆಲದೊಳಗಿನ ಸಂಪಿಗೂ ಕಡಿಮೆ ನೀರಿನ ಇದೇ ಕಾಂಕ್ರೀಟ್ ಹಾಕಿಸುತ್ತೇನೆ. ಆದರೆ ತಳ ಮತ್ತು ಗೋಡೆ ಸೇರುವ ಕಡೆ ವಾಟರ್ ಸ್ಟಾಪ್ ಪಟ್ಟಿ ಇಡಿಸದೆ ಕೆಲಸ ಶುರು ಮಾಡುವುದಿಲ್ಲ, ಏಕೆಂದರೆ ಸಂಪು ಸೋರುವುದು ಬಹುಪಾಲು ಆ ಸಂದಿನಲ್ಲೇ. ಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೆ ಯಾವ ದ್ರಾವಣವನ್ನೂ ತರಿಸುವುದಿಲ್ಲ; ತೂತಿನ ಬಕೆಟ್ ಮಾತ್ರ ಅಲ್ಲಿಗೂ ಹೋಗುತ್ತದೆ.