ವಾಷರ್ ಟ್ಯಾಂಕಿಗೆ ಸೋಪಿನ ಪುಡಿ ಹಾಕಿದ ನಾಲ್ಕು ತಿಂಗಳು

ನಮ್ಮದು ಕಡು ಮೆರೂನ್ ಬಣ್ಣದ ಕಾರು. ತುಮಕೂರಿನಿಂದ ತಿಪಟೂರಿಗೆ ವಾರಕ್ಕೆ ಎರಡು ಸಲ ಓಡಾಟ. ಮಳೆಗಾಲದ ಸಂಜೆ ಗುಬ್ಬಿ ದಾಟಿದರೆ ಸಾಕು, ರೆಕ್ಕೆ ಹುಳಗಳು ಬಂದು ಗಾಜಿಗೆ ಬಡಿಯುತ್ತವೆ. ಬರೀ ನೀರು ಚಿಮ್ಮಿಸಿ ವೈಪರ್ ಆಡಿಸಿದರೆ ಹುಳದ ಜಿಡ್ಡು ಹೋಗುವುದಿಲ್ಲ. ಗಾಜಿಗೆಲ್ಲ ಹರಡಿಕೊಳ್ಳುತ್ತದೆ. ಎದುರಿನಿಂದ ಲಾರಿಯ ಬೆಳಕು ಬಿದ್ದರೆ ಮುಂದೆ ರಸ್ತೆ ಕಾಣುವುದೇ ಇಲ್ಲ.

ಅದಕ್ಕೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮನೆಯ ಬೋರ್ ನೀರಿಗೆ ಲೀಟರಿಗೆ ಒಂದು ಚಮಚದಂತೆ ಬಟ್ಟೆ ಒಗೆಯುವ ಸೋಪಿನ ಪುಡಿ ಕಲಸಿ, ಗಾಜಿಗೆ ನೀರು ಚಿಮ್ಮಿಸುವ ವಾಷರ್ ಟ್ಯಾಂಕಿಗೆ ಸುರಿದೆ. ಮೊದಲ ವಾರ ಗಾಜು ಚೆನ್ನಾಗಿಯೇ ಸ್ವಚ್ಛವಾಯಿತು. ಹಾಗಾಗಿ ನಾಲ್ಕು ತಿಂಗಳು ಅದನ್ನೇ ಮುಂದುವರಿಸಿದೆ.

ಮೊದಲು ಕಾಣಿಸಿದ್ದು ಬಾನೆಟ್ ಮೇಲೆ. ನೀರು ಚಿಮ್ಮುವ ನಾಝಲ್‌ಗಳ ಸುತ್ತ, ಗಾಜಿನ ಕೆಳಗಿನ ಅಂಚಿಗೆ, ಬಿಳಿ ಚುಕ್ಕೆಗಳು ಮತ್ತು ಉದ್ದನೆ ಗೆರೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾಯವಾಗುತ್ತಿದ್ದವು, ಒಣಗಿದ ಮೇಲೆ ಮತ್ತೆ ಏಳುತ್ತಿದ್ದವು. ಆಮೇಲೆ ವೈಪರ್ ಕಿರ್ರ್ ಎನ್ನುತ್ತ ಗಾಜಿನ ಮೇಲೆ ಜಿಗಿಯಲು ಶುರುವಾಯಿತು. ಕೊನೆಗೆ ಎಡಗಡೆಯ ನಾಝಲ್ ಪೂರ್ತಿ ಕಟ್ಟಿಕೊಂಡಿತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ ಟ್ಯಾಂಕಿನ ಮುಚ್ಚಳ ಮೂಸಿ ನೋಡಿದರು. "ಸಾರ್, ಇದು ಬಟ್ಟೆ ಸೋಪಿನ ವಾಸನೆ. ಟ್ಯಾಂಕ್ ತಳದಲ್ಲಿ ಕೆಸರು ಕೂತಿದೆ ನೋಡಿ" ಎಂದರು. ಬೆರಳಲ್ಲಿ ತೆಗೆದು ನೋಡಿದೆ. ಬೂದು ಬಣ್ಣದ, ನುಣ್ಣಗಿನ ಮರಳಿನಂಥ ಪದಾರ್ಥ.

ಸೋಪಿನ ಪುಡಿ ಎಂದರೆ ಬರೀ ಸೋಪಲ್ಲ. ಅದರಲ್ಲಿ ಜಿಡ್ಡು ತೆಗೆಯುವ ಅಂಶ ಸ್ವಲ್ಪವೇ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ವಾಷಿಂಗ್ ಸೋಡಾ, ಸಿಲಿಕೇಟ್ ಮತ್ತು ತೂಕಕ್ಕೆ ಸೇರಿಸುವ ಸೋಡಿಯಂ ಸಲ್ಫೇಟ್. ಕೆಲವು ಪುಡಿಗಳಲ್ಲಿ ನೀರಿನಲ್ಲಿ ಕರಗದೇ ಇರುವ ನುಣ್ಣನೆಯ ಝಿಯೋಲೈಟ್ ಕೂಡ ಇರುತ್ತದೆ. ಬಟ್ಟೆಗೆ ಇದೆಲ್ಲ ಸರಿ, ಯಾಕೆಂದರೆ ಬಟ್ಟೆಯನ್ನು ಎರಡು ಮೂರು ಸಲ ಜಾಲಿಸುತ್ತೇವೆ. ಬಾನೆಟ್ ಮೇಲೆ ಹಾರಿದ ಹನಿಯನ್ನು ಯಾರೂ ಜಾಲಿಸುವುದಿಲ್ಲ ಅಲ್ವಾ? ಅದು ಅಲ್ಲೇ ಒಣಗುತ್ತದೆ. ಅದರ ಜೊತೆಗೆ ಗಡಸು ನೀರು. ವಾಷಿಂಗ್ ಸೋಡಾ ಬೋರ್ ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಸುಣ್ಣದಂಥ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ನನ್ನ ಟ್ಯಾಂಕಿನ ಕೆಸರಲ್ಲಿ ಹೆಚ್ಚಿನದು ಅದೇ.

ಪೇಂಟಿಗೆ ಏನಾಯಿತು ಎಂದು ತಿಳಿಯಲು ಒಂದು ಹನಿಯನ್ನು ಹಿಂಬಾಲಿಸಬೇಕು. ಟ್ಯಾಂಕಿನಲ್ಲಿ ಇರುವಾಗ ಆ ನೀರಿನಲ್ಲಿ ಸೋಡಾ ತೆಳುವಾಗಿಯೇ ಇರುತ್ತದೆ. ಆದರೆ ಬಿಸಿಲಿಗೆ ಕಾದ ಕಡು ಬಣ್ಣದ ಬಾನೆಟ್ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಅಲ್ಲಿ ಬಿದ್ದ ಹನಿಯ ನೀರು ಆವಿಯಾಗುತ್ತ ಹೋದಂತೆ ಸೋಡಾ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ಮೊದಲು ಅದು ಪೇಂಟಿನ ಮೇಲಿನ ವ್ಯಾಕ್ಸ್ ತೆಗೆಯುತ್ತದೆ. ವ್ಯಾಕ್ಸ್ ಕೂಡ ಒಂದು ಜಿಡ್ಡೇ, ಸೋಪಿಗೆ ಅದು ಹುಳದ ಜಿಡ್ಡಿಗಿಂತ ಬೇರೆಯಲ್ಲ. ಆಮೇಲೆ ಹನಿ ನೇರವಾಗಿ ಮೇಲಿನ ಪಾರದರ್ಶಕ ಪದರದ ಮೇಲೆ ಒಣಗುತ್ತದೆ. ಒಂದು ಸಲ ಆದರೆ ಏನೂ ಆಗುವುದಿಲ್ಲ, ಇಂದಿನ ಕಾರುಗಳ ಪೇಂಟ್ ಅಷ್ಟು ಗಟ್ಟಿಯಾಗಿರುತ್ತದೆ. ಆದರೆ ಅದೇ ಜಾಗದಲ್ಲಿ ದಿನಾ ಬಿದ್ದು ದಿನಾ ಒಣಗಿದರೆ ಹೊಳಪು ಮಂಕಾಗುತ್ತದೆ.

ರಬ್ಬರಿನ ಕಥೆ ಬೇರೆ. ಸೋಪಿನ ನೀರು ರಬ್ಬರನ್ನು ಕರಗಿಸುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ವೈಪರ್ ರಬ್ಬರಿನಲ್ಲಿ ಎಣ್ಣೆ ಮತ್ತು ಮೇಣದ ಅಂಶ ಬೆರೆಸಿರುತ್ತಾರೆ. ಅದು ನಿಧಾನಕ್ಕೆ ಮೇಲಕ್ಕೆ ಬಂದು, ಗಾಳಿಯ ಓಝೋನ್ ತಾಗಿ ರಬ್ಬರ್ ಸೀಳದಂತೆ ಕಾಯುತ್ತದೆ. ಗ್ಲಾಸಿನ ಮೇಲೆ ಜಾರಲಿ ಎಂದು ಎಷ್ಟೋ ಬ್ಲೇಡ್‌ಗಳ ಅಂಚಿಗೆ ಗ್ರಾಫೈಟ್‌ನಂಥ ಲೇಪನವೂ ಇರುತ್ತದೆ. ಸೋಪಿನ ನೀರು ಈ ಮೇಣವನ್ನು ದಿನಾ ತೊಳೆದು ಹಾಕುತ್ತದೆ. ಕರಗದ ಪುಡಿ ಮತ್ತು ಸುಣ್ಣದ ಹರಳು ತೆಳ್ಳನೆಯ ಅಂಚಿಗೆ ಅಂಟಿಕೊಂಡು ಅದನ್ನು ಸವೆಸುತ್ತವೆ. ನನ್ನ ಬ್ಲೇಡನ್ನು ಬೆರಳಲ್ಲಿ ಸವರಿದಾಗ ಉಪ್ಪಿನ ಕಾಗದದ ಹಾಗೆ ಒರಟಾಗಿತ್ತು. ಬಗ್ಗಿಸಿ ನೋಡಿದರೆ ಅಂಚಿನಲ್ಲಿ ಸಣ್ಣ ಸೀಳುಗಳು. ಗಾಜಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಯೂ ಬೂದಿ ಬಣ್ಣಕ್ಕೆ ತಿರುಗಿತ್ತು. ಬ್ಲೇಡ್ ಮೆತ್ತಗಾಗಲಿ ಎಂದು ಡೀಸೆಲ್ ಅಥವಾ ಸೀಮೆಎಣ್ಣೆ ಸವರುವವರಿದ್ದಾರೆ. ಅದನ್ನಂತೂ ಮಾಡಲೇಬೇಡಿ. ಅದು ರಬ್ಬರನ್ನು ಉಬ್ಬಿಸಿ ಅಂಚಿನ ಆಕಾರವನ್ನೇ ಕೆಡಿಸುತ್ತದೆ.

ಮುಂದೇನು ಹಾಕುವುದು ಎಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ಅಡುಗೆಕಟ್ಟೆಗೆ ಹಾಕಿಸಿ ಉಳಿದ ಕಪ್ಪು ಗ್ರಾನೈಟ್ ತುಂಡು ಮನೆಯಲ್ಲಿತ್ತು. ಅದನ್ನು ತಾರಸಿಯ ಬಿಸಿಲಿಗೆ ಇಟ್ಟು, ಔಷಧಿ ಹನಿ ಹಾಕುವ ಡ್ರಾಪರಿನಿಂದ ಆರು ಬಗೆಯ ನೀರನ್ನು ಸಾಲಾಗಿ ಹಾಕಿದೆ. ಪಕ್ಕದಲ್ಲಿ ಸೀಮೆಸುಣ್ಣದಿಂದ ನಂಬರ್ ಬರೆದೆ. ಎರಡು ಗಂಟೆ ಬಿಟ್ಟು ನೋಡಿದೆ.

ಸೋಪಿನ ಪುಡಿ ಕಲಸಿದ ಬೋರ್ ನೀರು ದಪ್ಪ ಬಿಳಿ ಪೊರೆ ಬಿಟ್ಟಿತ್ತು, ಉಗುರಿನಿಂದ ಕೆರೆದರೆ ಪುಡಿ ಬಂತು. ನೀರು ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಪಟ್ಟಿ ಅದ್ದಿದಾಗ 10 ದಾಟಿತ್ತು, 7 ಇದ್ದರೆ ಸಮ. ಬರೀ ಬೋರ್ ನೀರು ಸ್ಪಷ್ಟವಾದ ಬಿಳಿ ಉಂಗುರ ಬಿಟ್ಟಿತು, ಅದರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ನನ್ನ ಮೀಟರಿನಲ್ಲಿ 820. ಪಾತ್ರೆ ತೊಳೆಯುವ ಜೆಲ್ ಹಾಕಿದ ನೀರು ಬಿಳಿ ಬಿಡಲಿಲ್ಲ, ಪಿಎಚ್ ಕೂಡ 7ರ ಹತ್ತಿರವೇ ಇತ್ತು, ಆದರೆ ಬೆರಳಿಗೆ ಅಂಟುವ ಪದರ ಉಳಿಯಿತು. ಆ ಪದರಕ್ಕೆ ರಸ್ತೆಯ ಧೂಳು ಹಿಡಿದುಕೊಳ್ಳುತ್ತದೆ. ಅಲ್ಲದೆ ಅಂಥ ಜೆಲ್ ಗಟ್ಟಿಯಾಗಲು ಸಾಮಾನ್ಯವಾಗಿ ಅಡುಗೆ ಉಪ್ಪನ್ನೇ ಹಾಕಿರುತ್ತಾರೆ. ಲೋಹದ ಭಾಗಗಳ ಹತ್ತಿರ ಅದು ಒಳ್ಳೆಯದಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಓ ನೀರು ಹುಡುಕಿದರೆ ಮಾತ್ರ ಕಾಣುವಷ್ಟು ಗುರುತು ಬಿಟ್ಟಿತು. ಅದರ ಟಿಡಿಎಸ್ 60.

ಕೊನೆಯ ಎರಡು ಹನಿ ನನ್ನ ಎಣಿಕೆಯನ್ನೇ ಬದಲಿಸಿದವು. ಎರಡರಲ್ಲೂ ಅಂಗಡಿಯ ಒಂದೇ ವಾಷರ್ ದ್ರಾವಣ, ಒಂದೇ ಅಳತೆ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಆರ್‌ಓ ನೀರು. ಬೋರ್ ನೀರಿನದು ಬರೀ ಬೋರ್ ನೀರಿನಷ್ಟೇ ಬಿಳಿ ಉಂಗುರ ಬಿಟ್ಟಿತ್ತು. ಆರ್‌ಓ ನೀರಿನದು ಒಣಗಿದ ಜಾಗವೇ ಸರಿಯಾಗಿ ಗೊತ್ತಾಗಲಿಲ್ಲ. ದುಡ್ಡು ಕೊಟ್ಟು ತಂದ ಬಾಟಲಿಯನ್ನು ಮನೆಯ ನಲ್ಲಿಗೆ ಹಿಡಿದು ಕಲಸಿದರೆ ಅದರ ಅರ್ಧ ಗುಣ ಅಲ್ಲೇ ಹೋಗುತ್ತದೆ. ದ್ರಾವಣ ಮನೆಯದೋ ಅಂಗಡಿಯದೋ ಎನ್ನುವುದಕ್ಕಿಂತ ಯಾವ ನೀರು ಎನ್ನುವುದೇ ಮುಖ್ಯ.

ಈಗ ನಾನು ಮನೆಯಲ್ಲೇ ಕಲಸುತ್ತೇನೆ. 5 ಲೀಟರ್ ಕ್ಯಾನಿಗೆ ಮುಕ್ಕಾಲು ಭಾಗ ಆರ್‌ಓ ನೀರು ತುಂಬಿಸುತ್ತೇನೆ. ಅದಕ್ಕೆ 250 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಮೇಲೆ ಮತ್ತೆ ನೀರು ತುಂಬಿಸುತ್ತೇನೆ. ಕೊನೆಯಲ್ಲಿ ಪಿಎಚ್ ನ್ಯೂಟ್ರಲ್ ಎಂದು ಬರೆದಿರುವ ಕಾರ್ ಶಾಂಪೂ ಒಂದೇ ಟೀ ಚಮಚ, ಅಂದರೆ 5 ಮಿಲಿ. ಶಾಂಪೂ ಮೊದಲೇ ಹಾಕಿದರೆ ನೊರೆ ತುಂಬಿ ಅಳತೆ ತಪ್ಪುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಎಂದು ಎರಡು ಚಮಚ ಹಾಕಬೇಡಿ, ರಾತ್ರಿ ಗಾಜಿನ ಮೇಲೆ ಮಬ್ಬು ಪಟ್ಟಿಗಳು ಕಾಣುತ್ತವೆ. ವ್ಯಾಕ್ಸ್ ಬೆರೆತ ಶಾಂಪೂ ಕೂಡ ಬೇಡ, ಅದೂ ಗಾಜನ್ನು ಮಬ್ಬು ಮಾಡುತ್ತದೆ. ಆಲ್ಕೊಹಾಲ್ ಹುಳದ ಜಿಡ್ಡನ್ನು ಸಡಿಲಿಸುತ್ತದೆ, ಬೇಗ ಒಣಗುತ್ತದೆ, ಟ್ಯಾಂಕಿನಲ್ಲಿ ಪಾಚಿ ಕಟ್ಟುವುದನ್ನೂ ಕಡಿಮೆ ಮಾಡುತ್ತದೆ. ಕಲಸುವಾಗ ಒಲೆಯಿಂದ, ಬೀಡಿ ಸಿಗರೇಟಿನಿಂದ ದೂರ ಇರಿ. ಇದು ನೋಡಲು ಕುಡಿಯುವ ನೀರಿನಂತೆಯೇ ಇರುವುದರಿಂದ ನೀರಿನ ಬಾಟಲಿಯಲ್ಲಿ ಇಡಲೇಬೇಡಿ. ನಾನು ಕ್ಯಾನಿನ ಮೇಲೆ ಕೆಂಪು ಅಕ್ಷರದಲ್ಲಿ "ಕುಡಿಯಬಾರದು" ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲೆ ಇಟ್ಟಿದ್ದೇನೆ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನನಗೆ ಆಲ್ಕೊಹಾಲ್ ಲೀಟರಿಗೆ 280 ರೂಪಾಯಿಗೆ ಸಿಕ್ಕಿತು. ಎಲ್ಲ ಸೇರಿ ಒಂದು ಲೀಟರ್ ದ್ರಾವಣಕ್ಕೆ ಸುಮಾರು 15 ರೂಪಾಯಿ. ನಾನು ತಂದಿದ್ದ ಅಂಗಡಿಯ ಬಾಟಲಿ 160 ರೂಪಾಯಿ, ಅದರಲ್ಲಿ 10 ಲೀಟರ್ ಆಗುತ್ತದೆ. ಹಾಗಾಗಿ ಕಲಸುವ ತಾಳ್ಮೆ ಇಲ್ಲದವರು ಅಂಗಡಿಯದನ್ನೇ ತಂದು, ಲೇಬಲ್ಲಿನ ಅಳತೆಯಂತೆ ಆರ್‌ಓ ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕಲಸಿಕೊಂಡರೆ ಸಾಕು. ಕಾಶ್ಮೀರ, ಲಡಾಖ್ ಕಡೆಗೆ ಚಳಿಯಲ್ಲಿ ಕಾರು ಒಯ್ಯುವವರಿಗೆ ಮತ್ತು ಹಿಮ ಬೀಳುವ ದೇಶದಲ್ಲಿರುವ ನಮ್ಮವರಿಗೆ ನನ್ನ ಮಿಶ್ರಣ ಆಗುವುದಿಲ್ಲ. ಇಷ್ಟು ಕಡಿಮೆ ಆಲ್ಕೊಹಾಲ್ ಇದ್ದರೆ ಅಲ್ಲಿ ಅದು ಹೆಪ್ಪುಗಟ್ಟಿ ಪೈಪು, ಟ್ಯಾಂಕ್ ಒಡೆಯಬಹುದು. ಅಲ್ಲಿಗೆ ಚಳಿಗೆಂದೇ ಮಾಡಿದ ಅಂಗಡಿಯ ದ್ರಾವಣವೇ ಬೇಕು.

ಹಳೆಯದನ್ನು ತೆಗೆಯುವುದಕ್ಕೆ ಒಂದು ಭಾನುವಾರ ಹಿಡಿಯಿತು. ನಾಝಲ್‌ಗೆ ಹೋಗುವ ಪೈಪನ್ನು ಕಳಚಿ ಬಕೆಟಿಗೆ ಬಿಟ್ಟು, ವಾಷರ್ ಲಿವರ್ ಎಳೆದು ಟ್ಯಾಂಕ್ ಖಾಲಿ ಮಾಡಿದೆ. ಒಂದೊಂದು ಸಲಕ್ಕೆ ಹತ್ತು ಸೆಕೆಂಡು ಮಾತ್ರ, ನಡುವೆ ಬಿಡುವು. ನೀರಿಲ್ಲದೆ ಓಡಿಸಿದರೆ ಪಂಪ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಉಗುರುಬೆಚ್ಚಗಿನ ಆರ್‌ಓ ನೀರು ತುಂಬಿ ಮೂರು ಸಲ ಹೀಗೆ ಮಾಡಿದ ಮೇಲೆ ಬಕೆಟಿನಲ್ಲಿ ನೊರೆ ಬರುವುದು ನಿಂತಿತು. ಕಟ್ಟಿಕೊಂಡ ನಾಝಲನ್ನು ಕಳಚಿ ಕಾಲು ಗಂಟೆ ವಿನೆಗರಿನಲ್ಲಿ ನೆನೆಸಿ, ಸಣ್ಣ ಹೊಲಿಗೆ ಸೂಜಿಯಿಂದ ಬಿಡಿಸಿ, ಚೆನ್ನಾಗಿ ತೊಳೆದು ಹಾಕಿದೆ. ವಿನೆಗರ್ ಅಷ್ಟಕ್ಕೆ ಮಾತ್ರ, ಟ್ಯಾಂಕಿಗೆ ಹಾಕುವುದಲ್ಲ.

ಕಾರನ್ನು ನೆರಳಲ್ಲಿ ನಿಲ್ಲಿಸಿ, ಬಾನೆಟ್ ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಶಾಂಪೂ ಹಾಕಿ ತೊಳೆದೆ. ಉಳಿದ ಬಿಳಿ ಕಲೆಗಳ ಮೇಲೆ ಅರ್ಧ ವಿನೆಗರ್, ಅರ್ಧ ಆರ್‌ಓ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಒಂದು ನಿಮಿಷ ಇಟ್ಟು, ತಕ್ಷಣ ನೀರು ಸುರಿದು ತೊಳೆದೆ. ಸುಣ್ಣದ ಕಲೆಗಳೆಲ್ಲ ಹೋದವು. ಆಮೇಲೆ ವ್ಯಾಕ್ಸ್ ಹಚ್ಚಿದೆ, ವೈಪರ್ ಬ್ಲೇಡ್ ಎರಡನ್ನೂ ಹೊಸದಾಗಿ ಹಾಕಿಸಿದೆ. ಬಲಗಡೆ ನಾಝಲ್ ಕೆಳಗೆ ಮಾತ್ರ ಮೂರು ಮಂಕು ಚುಕ್ಕೆಗಳು ಉಳಿದಿವೆ. ಬೆರಳಿಗೆ ಏನೂ ಸಿಗುವುದಿಲ್ಲ, ಓರೆಯಾಗಿ ನೋಡಿದರೆ ಕಾಣುತ್ತವೆ. ಅವು ಮೇಲೆ ಕೂತ ಕಲೆಯಲ್ಲ, ಪೇಂಟಿನ ಒಳಕ್ಕೇ ಇಳಿದಿವೆ. ಪಾಲಿಶ್ ಮಾಡಿಸಿದರೆ ಹೋಗಬಹುದು ಎಂದು ಪೇಂಟಿಂಗ್ ಮಾಡುವ ಅಣ್ಣ ಹೇಳಿದ್ದಾರೆ. ದಸರಾ ಹೊತ್ತಿಗೆ ಮಾಡಿಸಬೇಕು.